ಹಾವು ಕಡಿತದ ಪ್ರಥಮ ಚಿಕಿತ್ಸೆ: ಸ್ವಯಂಸೇವಕರಿಗಾಗಿ ಏಳು ಪ್ರಶ್ನೆಗಳು

ಹಿಂದೂಪುರ ಮತ್ತು ಕಲ್ಯಾಣದುರ್ಗ ಭಾಗದ ಕನ್ನಡ ಮಾಧ್ಯಮ ಶಾಲೆಗಳ ಪೋಷಕರಲ್ಲಿ ಹೆಚ್ಚಿನವರು ಕಡಲೆಕಾಯಿ ಹೊಲದಲ್ಲಿ, ತೋಟದಲ್ಲಿ ದುಡಿಯುವವರು. ಹಾವು ಕಡಿತದ ಅಪಾಯವೂ ಅವರಿಗೇ ಹೆಚ್ಚು. 2020ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ 2000ರಿಂದ 2019ರವರೆಗೆ ಭಾರತದಲ್ಲಿ ಪ್ರತಿ ವರ್ಷ ಸರಾಸರಿ 58,000 ಜನರು ಹಾವು ಕಡಿತದಿಂದ ಸತ್ತಿದ್ದಾರೆ. ಇವರಲ್ಲಿ ಸುಮಾರು ಅರ್ಧದಷ್ಟು ಮಂದಿ ಸತ್ತಿದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ. ಅತಿ ಹೆಚ್ಚು ಸಾವು ಕಂಡ ಎಂಟು ರಾಜ್ಯಗಳ ಸಾಲಿನಲ್ಲಿ ಅವಿಭಜಿತ ಆಂಧ್ರಪ್ರದೇಶವೂ ಇದೆ.

ಪ್ರಥಮ ಚಿಕಿತ್ಸೆಯ ತರಬೇತಿ ನಮ್ಮ ಭಾಗದಲ್ಲಿ ಸಾಮಾನ್ಯವಾಗಿ ತೆಲುಗಿನಲ್ಲಿ ನಡೆಯುತ್ತದೆ. ಮನೆಯಲ್ಲಿ ಕನ್ನಡ ಮಾತನಾಡುವ ತಾಯಂದಿರಿಗೂ ಹಿರಿಯರಿಗೂ ಅದು ಪೂರ್ತಿಯಾಗಿ ತಲುಪುವುದಿಲ್ಲ. ಆದ್ದರಿಂದ ಶಾಲಾ ಸಮಿತಿಯ ಸದಸ್ಯರು, ಹಳೆಯ ವಿದ್ಯಾರ್ಥಿಗಳು ಮತ್ತು ಯುವಕ ಸಂಘದವರು ಗುಂಪಾಗಿ ಕುಳಿತು ಓದಿ ಉತ್ತರಿಸಲೆಂದು ಈ ರಸಪ್ರಶ್ನೆಯನ್ನು ಸಿದ್ಧಪಡಿಸಿದ್ದೇವೆ. ಇಲ್ಲಿನ ಪ್ರಸಂಗಗಳು ಕಲ್ಪಿತ. ಮೊದಲ ಮೂರು ಪ್ರಶ್ನೆಗಳು ಒಂದು ಪ್ರಸಂಗಕ್ಕೂ ಮುಂದಿನ ಮೂರು ಇನ್ನೊಂದಕ್ಕೂ ಸೇರಿವೆ. ಏಳನೆಯದು ಮತ್ತೆ ಮೊದಲ ಪ್ರಸಂಗಕ್ಕೆ ಮರಳುತ್ತದೆ. ಉತ್ತರವನ್ನು ಓದುವ ಮುನ್ನ ನಿಮ್ಮ ಆಯ್ಕೆಯನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ.

ಒಂದು ಮಾತನ್ನು ಮೊದಲೇ ತಿಳಿದಿರಬೇಕು. ದೇಹದೊಳಗೆ ಸೇರಿದ ಹಾವಿನ ವಿಷಕ್ಕೆ ಮದ್ದು ಒಂದೇ. ಅದು ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕೊಡುವ ವಿಷನಿರೋಧಕ ಚುಚ್ಚುಮದ್ದು. ಸ್ವಯಂಸೇವಕರು ವಿಷವನ್ನು ತೆಗೆಯಲಾರರು, ತಡೆದು ನಿಲ್ಲಿಸಲಾರರು. ಹೊಸ ಹಾನಿಯಾಗದಂತೆ ನೋಡಿಕೊಂಡು, ಸಮಯ ಕಳೆಯದೆ, ಉಸಿರು ನಿಲ್ಲದಂತೆ ಕಾಯುತ್ತ ಕಡಿತಕ್ಕೊಳಗಾದವರನ್ನು ಆ ಮದ್ದಿನ ಬಳಿಗೆ ಮುಟ್ಟಿಸುವುದಷ್ಟೇ ಅವರ ಕೆಲಸ.

ಮೊದಲ ಪ್ರಸಂಗ: ಕಲ್ಯಾಣದುರ್ಗದ ಬಳಿಯ ಕಡಲೆಕಾಯಿ ಹೊಲ

ಅಕ್ಟೋಬರ್ ತಿಂಗಳು, ಬೆಳಗಿನ 9 ಗಂಟೆ 40 ನಿಮಿಷ. ಕಿತ್ತು ಗುಡ್ಡೆ ಹಾಕಿದ್ದ ಕಡಲೆಕಾಯಿ ಗಿಡಗಳನ್ನು ಎತ್ತಲು ಕೈ ಹಾಕಿದ ಸುಮಾರು 35 ವರ್ಷದ ಮಹಿಳೆಯೊಬ್ಬರ ಬಲಗೈ ಹೆಬ್ಬೆರಳ ಬುಡಕ್ಕೆ ಹಾವು ಕಚ್ಚಿದೆ. ಹಾವು ಗಿಡ್ಡವಾಗಿತ್ತು, ಮೈಯನ್ನು ಉಜ್ಜಿಕೊಂಡು ಸರಸರ ಸದ್ದು ಮಾಡುತ್ತಿತ್ತು ಎಂದು ಪಕ್ಕದಲ್ಲಿದ್ದವರು ಹೇಳುತ್ತಾರೆ. ಹಾವು ಇನ್ನೂ ಗುಡ್ಡೆಯೊಳಗೇ ಇದೆ.

ಪ್ರಶ್ನೆ 1. ಮೊದಲ ಐದು ನಿಮಿಷಗಳಲ್ಲಿ ಏನು ಮಾಡಬೇಕು?

ಅ) ಯಾವ ಹಾವೆಂದು ವೈದ್ಯರಿಗೆ ತೋರಿಸಲು ಅದನ್ನು ಹೊಡೆದು ಚೀಲಕ್ಕೆ ಹಾಕಿಕೊಳ್ಳಬೇಕು.
ಆ) ಕಚ್ಚಿದ ಜಾಗವನ್ನು ಬ್ಲೇಡಿನಿಂದ ಸೀಳಿ ರಕ್ತ ಹರಿಯಲು ಬಿಡಬೇಕು.
ಇ) ಗುಡ್ಡೆಯಿಂದ ದೂರ ಕರೆತಂದು ಕೂರಿಸಿ, ಬಳೆ ಉಂಗುರ ತೆಗೆದು, ಕೈ ಅಲುಗದಂತೆ ಮಾಡಿ, 108ಕ್ಕೆ ಕರೆ ಮಾಡಬೇಕು.
ಈ) ಬೇಗ ರಸ್ತೆ ಸೇರಲು ಆಕೆಯನ್ನು ಓಡಿಸಿಕೊಂಡು ಹೋಗಬೇಕು.

ಸರಿಯುತ್ತರ: ಇ.

ಮೊದಲ ಕೆಲಸ ಎಲ್ಲರನ್ನೂ ಗುಡ್ಡೆಯಿಂದ ದೂರ ಸರಿಸುವುದು. ಹಾವನ್ನು ಹುಡುಕಲು ಹೋದವರು ಎರಡನೆಯ ರೋಗಿಯಾಗುವುದುಂಟು. ಸತ್ತ ಹಾವಿನ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು. ಹಾವನ್ನು ಆಸ್ಪತ್ರೆಗೆ ಒಯ್ಯಬೇಕಾದ ಅಗತ್ಯವೇ ಇಲ್ಲ. ನಮ್ಮ ದೇಶದಲ್ಲಿ ಬಳಸುವ ಚುಚ್ಚುಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕೂ ಹಾವುಗಳ ವಿಷಕ್ಕೆ ಒಟ್ಟಾಗಿ ತಯಾರಾದದ್ದು. ವೈದ್ಯರು ಚಿಕಿತ್ಸೆಯನ್ನು ನಿರ್ಧರಿಸುವುದು ರೋಗಿಯ ಲಕ್ಷಣಗಳನ್ನು ನೋಡಿ. ಸುರಕ್ಷಿತ ದೂರದಿಂದ ಫೋಟೋ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಅದಕ್ಕಾಗಿ ನಿಲ್ಲಬಾರದು. ಈ ಪ್ರಸಂಗದಲ್ಲಿ ಮೈ ಉಜ್ಜಿ ಸದ್ದು ಮಾಡುವ ಗಿಡ್ಡ ಹಾವು ಎಂಬ ವಿವರಣೆ ಗರಗಸಮಂಡಲಕ್ಕೆ ಹೊಂದುತ್ತದೆ. ಇದನ್ನು ತೆಲುಗಿನವರು ಚಿನ್ನ ಪಿಂಜರ ಎನ್ನುತ್ತಾರೆ. ಇಷ್ಟನ್ನು ವೈದ್ಯರಿಗೆ ಹೇಳಿದರೆ ಸಾಕು.

ಬಳೆ, ಉಂಗುರ, ಕೈಗಡಿಯಾರಗಳನ್ನು ಕೂಡಲೇ ತೆಗೆಯಬೇಕು. ಮಂಡಲದ ಹಾವುಗಳ ವಿಷದಿಂದ ಕೈ ಬೇಗ ಊದಿಕೊಳ್ಳುತ್ತದೆ. ಊದಿದ ಮೇಲೆ ಗಾಜಿನ ಬಳೆ ಒಡೆದು ಗಾಯವಾಗುತ್ತದೆ, ಉಂಗುರ ಬೆರಳಿನ ರಕ್ತಸಂಚಾರವನ್ನೇ ನಿಲ್ಲಿಸಬಹುದು. ಕಾಲಿಗೆ ಕಚ್ಚಿದ್ದರೆ ಕಾಲುಂಗುರ, ಗೆಜ್ಜೆ, ಚಪ್ಪಲಿಗಳಿಗೂ ಇದೇ ನಿಯಮ.

ಬಳಿಕ ಮೂಳೆ ಮುರಿದಾಗ ಮಾಡುವಂತೆ ಕೈಗೆ ಆಸರೆ ಕಟ್ಟಬೇಕು. ಮೊಣಕೈಯಿಂದ ಬೆರಳ ತುದಿಯವರೆಗೆ ಬರುವ ಒಂದು ಹಲಗೆ ತುಂಡು, ದಪ್ಪ ರಟ್ಟು ಅಥವಾ ಮಡಿಸಿದ ದಿನಪತ್ರಿಕೆ ಸಾಕು. ಅದನ್ನು ಬಟ್ಟೆಯಿಂದ ಸಡಿಲವಾಗಿ ಕಟ್ಟಿ ಕೈಯನ್ನು ಜೋಲಿಯಲ್ಲಿ ಇರಿಸಬೇಕು. ಬಟ್ಟೆಯ ಕೆಳಗೆ ಒಂದು ಬೆರಳು ಸುಲಭವಾಗಿ ತೂರುವಂತಿರಬೇಕು. ಈ ಕಟ್ಟು ಅಲುಗಾಟವನ್ನು ತಡೆಯುವುದಕ್ಕೆ ಮಾತ್ರ. ಸ್ನಾಯುಗಳು ಆಡಿದಷ್ಟೂ ವಿಷ ಬೇಗ ಹರಡುತ್ತದೆ, ಓಡಿಸುವುದು ತಪ್ಪೆನ್ನಲು ಇದೇ ಕಾರಣ. ಗಾಯವನ್ನು ಸೀಳುವುದು, ಬಾಯಿಂದ ಹೀರುವುದು, ಉಜ್ಜಿ ತೊಳೆಯುವುದು, ಮಂಜುಗಡ್ಡೆ ಇಡುವುದು ಯಾವುದೂ ಬೇಡ. ಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುವುದರಿಂದ ಸೀಳಿದ ಗಾಯದಿಂದ ರಕ್ತ ನಿಲ್ಲದೆ ಹರಿಯಬಹುದು.

ಪ್ರಶ್ನೆ 2. ನೀವು ಬರುವಷ್ಟರಲ್ಲಿ ಹೊಲದವರು ಆಕೆಯ ತೋಳಿಗೆ ಸೀರೆಯ ಅಂಚನ್ನು ಬಿಗಿಯಾಗಿ ಕಟ್ಟಿ 20 ನಿಮಿಷವಾಗಿದೆ. ಕೈ ತಣ್ಣಗಾಗಿದೆ, ಉಗುರುಗಳು ನೀಲಿಯಾಗುತ್ತಿವೆ. ಏನು ಮಾಡಬೇಕು?

ಅ) ಕಟ್ಟನ್ನು ಕೂಡಲೇ ಕತ್ತರಿಸಿ ಎಸೆಯಬೇಕು.
ಆ) ಇನ್ನೂ ಮೇಲೆ ಎರಡನೆಯ ಕಟ್ಟು ಬಿಗಿಯಬೇಕು.
ಇ) ಕಟ್ಟಿದ ಸಮಯ ಬರೆದುಕೊಂಡು, 108ರವರಿಗೂ ವೈದ್ಯರಿಗೂ ಮೊದಲ ಮಾತಾಗಿ ತಿಳಿಸಿ, ವೇಗವಾಗಿ ಆಸ್ಪತ್ರೆ ತಲುಪಿಸಬೇಕು.
ಈ) ಹತ್ತು ನಿಮಿಷಕ್ಕೊಮ್ಮೆ ಬಿಚ್ಚಿ ಮತ್ತೆ ಕಟ್ಟಬೇಕು.

ಸರಿಯುತ್ತರ: ಇ.

ಗುಂಪುಗಳಲ್ಲಿ ಹೆಚ್ಚು ವಾದ ಎಬ್ಬಿಸುವ ಪ್ರಶ್ನೆ ಇದು. ಬಿಗಿಯಾದ ಕಟ್ಟು ವಿಷವನ್ನು ವಿಶ್ವಾಸದಿಂದ ತಡೆಯುವುದಿಲ್ಲ, ರಕ್ತಸಂಚಾರವನ್ನು ಮಾತ್ರ ಖಂಡಿತವಾಗಿ ತಡೆಯುತ್ತದೆ. ಮಂಡಲದ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ. ಅದನ್ನು ಒಂದೇ ಕಡೆ ಕೂಡಿಹಾಕಿ ರಕ್ತವನ್ನೂ ನಿಲ್ಲಿಸಿದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವ ಸಂಭವ ಹೆಚ್ಚುತ್ತದೆ. ಆದ್ದರಿಂದ ಕಟ್ಟು ಹಾಕಲೇಬಾರದು.

ಬೇರೆಯವರು ಈಗಾಗಲೇ ಬಿಗಿಯಾಗಿ ಕಟ್ಟಿಬಿಟ್ಟಿದ್ದರೆ ಲೆಕ್ಕ ಬೇರೆ. ಒಮ್ಮೆಲೇ ಬಿಚ್ಚಿದಾಗ ಕೆಳಗೆ ನಿಂತಿದ್ದ ವಿಷ ಒಟ್ಟಿಗೆ ದೇಹಕ್ಕೆ ನುಗ್ಗಿ ಉಸಿರಾಟ ನಿಲ್ಲಬಹುದು, ರಕ್ತದೊತ್ತಡ ಕುಸಿಯಬಹುದು. ಚುಚ್ಚುಮದ್ದು, ಆಮ್ಲಜನಕ, ಉಸಿರಾಟಕ್ಕೆ ನೆರವಾಗುವ ಸಾಧನಗಳು ಕೈಗೆಟಕುವ ಜಾಗದಲ್ಲಿ ವೈದ್ಯರು ಅದನ್ನು ಬಿಚ್ಚುವುದು ಸುರಕ್ಷಿತ. ಹಾಗೆಂದು ಕಟ್ಟಿರುವ ಕೈಯನ್ನು ಗಂಟೆಗಟ್ಟಲೆ ಹಾಗೆಯೇ ಬಿಡಲೂ ಆಗದು. ಅದಕ್ಕಾಗಿಯೇ ಕಟ್ಟಿದ ಸಮಯವನ್ನು ಬರೆದುಕೊಳ್ಳಬೇಕು, 108ಕ್ಕೆ ಕರೆ ಮಾಡಿದಾಗಲೇ ಕಟ್ಟಿನ ವಿಷಯ ಹೇಳಿ ಅವರ ಸೂಚನೆಯಂತೆ ನಡೆಯಬೇಕು.

ಪ್ರಶ್ನೆ 3. ಆಟೋ ಬಂದು ನಿಂತಿದೆ. ಮನೆಯ ಹಿರಿಯರು ತಡೆಯುತ್ತಾರೆ: "ಪಕ್ಕದೂರಿನಲ್ಲಿ ಬೇರು ಕೊಡುವವರಿದ್ದಾರೆ. ಹೋದ ವರ್ಷ ನಮ್ಮ ಓಣಿಯವನು ಅಲ್ಲೇ ಬದುಕಿದ. ಮೊದಲು ಅಲ್ಲಿಗೆ ಹೋಗೋಣ." ನೀವು ಏನು ಹೇಳುವಿರಿ?

ಅ) "ಆಗಲಿ, ಮೊದಲು ಅಲ್ಲಿ, ಆಮೇಲೆ ಆಸ್ಪತ್ರೆ."
ಆ) "ನಿಮ್ಮದು ಮೂಢನಂಬಿಕೆ, ಸುಮ್ಮನಿರಿ."
ಇ) "ತಾತ, ಮೊದಲು ಆಸ್ಪತ್ರೆ. ಅಲ್ಲಿ ಅಪಾಯ ಕಳೆಯಿತು ಎಂದ ಮೇಲೆ ಹರಕೆ ತೀರಿಸೋಣ. ನೀವೂ ಜೊತೆಗೆ ಬನ್ನಿ."

ಸರಿಯುತ್ತರ: ಇ.

ಹಿರಿಯರು ಹೇಳುವುದು ಸುಳ್ಳಲ್ಲ, ಆ ಮನುಷ್ಯ ಬದುಕಿದ್ದು ನಿಜವೇ ಇರಬಹುದು. ಆದರೆ ಅವನನ್ನು ಬದುಕಿಸಿದ್ದು ಬೇರು ಎಂಬುದು ಅದರಿಂದ ತಿಳಿಯುವುದಿಲ್ಲ. ನಮ್ಮ ಹೊಲಗಳಲ್ಲಿ ಓಡಾಡುವ ಹಾವುಗಳಲ್ಲಿ ಹೆಚ್ಚಿನವು ಕೇರೆಹಾವಿನಂಥ ವಿಷವಿಲ್ಲದವು. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಬರಿದೇ ಕಚ್ಚುತ್ತದೆ. ಅಂಥ ಕಡಿತಕ್ಕೆ ಒಳಗಾದವರು ಬೇರು ತಿಂದರೂ ಬದುಕುತ್ತಾರೆ, ತಿನ್ನದಿದ್ದರೂ ಬದುಕುತ್ತಾರೆ. ವಿಷ ನಿಜವಾಗಿ ಒಳಸೇರಿದವರಿಗೆ ಮಾತ್ರ ಆ ಒಂದೆರಡು ಗಂಟೆಗಳ ವಿಳಂಬದ ಬೆಲೆ ತಿಳಿಯುತ್ತದೆ.

ಜಗಳವಾಡಿದರೆ ಹೋಗುವುದು ಸಮಯವೇ. ಹಿರಿಯರನ್ನು ಆಟೋದಲ್ಲಿ ಕೂರಿಸಿಕೊಂಡರೆ ಅವರ ಗೌರವವೂ ಉಳಿಯುತ್ತದೆ, ರೋಗಿಗೆ ಧೈರ್ಯವೂ ಬರುತ್ತದೆ. ಬಾಯಿಗೆ ಬೇರಿನ ರಸ, ಮದ್ಯ, ಕಾಫಿ ಯಾವುದನ್ನೂ ಕೊಡಬಾರದು. ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ.

ಎರಡನೆಯ ಪ್ರಸಂಗ: ಹಿಂದೂಪುರದ ಗಡಿ ಹಳ್ಳಿ

ಜುಲೈ ತಿಂಗಳು, ಮಳೆ ಬಂದ ರಾತ್ರಿ. ನೆಲದ ಮೇಲೆ ಚಾಪೆಯಲ್ಲಿ ಮಲಗಿದ್ದ 9 ವರ್ಷದ ಬಾಲಕ ನಸುಕಿನ 3 ಗಂಟೆಗೆ ಎದ್ದು ಹೊಟ್ಟೆನೋವು ಎಂದು ಅಳುತ್ತಾನೆ, ಒಮ್ಮೆ ವಾಂತಿ ಮಾಡಿಕೊಳ್ಳುತ್ತಾನೆ. 3 ಗಂಟೆ 30 ನಿಮಿಷಕ್ಕೆ ಅವನ ಕಣ್ಣುರೆಪ್ಪೆಗಳು ಅರ್ಧ ಮುಚ್ಚಿವೆ, ಮಾತು ತೊದಲುತ್ತಿದೆ. ಮೈಮೇಲೆ ಎಲ್ಲಿಯೂ ಕಚ್ಚಿದ ಗುರುತಿಲ್ಲ, ಊತವಿಲ್ಲ.

ಪ್ರಶ್ನೆ 4. ಇದು ಏನಿರಬಹುದು?

ಅ) ರಾತ್ರಿಯ ಊಟದ ಅಜೀರ್ಣ. ಜೀರಿಗೆ ನೀರು ಕೊಟ್ಟು ಬೆಳಗಿನವರೆಗೆ ನೋಡಬಹುದು.
ಆ) ನಿದ್ದೆಗಣ್ಣು. ಮತ್ತೆ ಮಲಗಿಸಬೇಕು.
ಇ) ಕಟ್ಟುಹಾವಿನ ಕಡಿತವೆಂದೇ ಭಾವಿಸಿ ಈಗಲೇ ಹೊರಡಬೇಕು.

ಸರಿಯುತ್ತರ: ಇ.

ಕಟ್ಟುಹಾವನ್ನು ಕೆಲವರು ಕಡಂಬಳ ಎನ್ನುತ್ತಾರೆ, ತೆಲುಗಿನಲ್ಲಿ ಅದು ಕಟ್ಲ ಪಾಮು. ಹೊಳೆಯುವ ಕಪ್ಪು ಮೈಮೇಲೆ ತೆಳು ಬಿಳಿ ಪಟ್ಟೆಗಳಿರುವ ಈ ಹಾವು ರಾತ್ರಿ ಸಂಚರಿಸುತ್ತದೆ. ನೆಲದಲ್ಲಿ ಮಲಗಿದವರು ಹೊರಳಿದಾಗ ಕಚ್ಚುವುದುಂಟು. ಅದರ ಹಲ್ಲು ಸಣ್ಣದು, ನೋವು ಅತ್ಯಲ್ಪ, ಸೊಳ್ಳೆ ಕಚ್ಚಿತೆಂದುಕೊಂಡು ಮಕ್ಕಳು ಮತ್ತೆ ನಿದ್ದೆ ಹೋಗುತ್ತಾರೆ. ಗುರುತು ಕಾಣದಿರುವುದು ಕಡಿತವಾಗಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಅದರ ವಿಷ ನರಗಳಿಂದ ಸ್ನಾಯುಗಳಿಗೆ ಹೋಗುವ ಆಜ್ಞೆಯನ್ನು ಕಡಿದುಹಾಕುತ್ತದೆ. ಮೊದಲು ಸೋಲುವುದು ಕಣ್ಣುರೆಪ್ಪೆ. ನಂತರ ಒಂದು ವಸ್ತು ಎರಡಾಗಿ ಕಾಣುವುದು, ಮಾತು ತೊದಲುವುದು, ಉಗುಳು ನುಂಗಲಾಗದಿರುವುದು, ಕತ್ತು ನಿಲ್ಲದಿರುವುದು. ಕೊನೆಗೆ ಉಸಿರಾಡಿಸುವ ಸ್ನಾಯುಗಳೂ ನಿಲ್ಲುತ್ತವೆ. ಹೊಟ್ಟೆನೋವು ಇವೆಲ್ಲಕ್ಕೂ ಮೊದಲೇ ಬರುವುದು ಸಾಮಾನ್ಯ. ಪರೀಕ್ಷೆ ಸರಳ: ತಲೆ ಅಲುಗಿಸದೆ ಮೇಲೆ ನೋಡುವಂತೆ ಮಗುವಿಗೆ ಹೇಳಿ. ರೆಪ್ಪೆಗಳು ಮೇಲೇಳದಿದ್ದರೆ ಒಂದು ನಿಮಿಷವೂ ಕಾಯಬೇಡಿ. ಈ ಹಾವಿಗೆ ಹೆಚ್ಚು ಪ್ರಯೋಜನಕಾರಿ ತಡೆಯೆಂದರೆ ಮಂಚ, ಅಥವಾ ಅಂಚನ್ನು ಚಾಪೆಯ ಕೆಳಗೆ ಸುತ್ತಲೂ ಸಿಕ್ಕಿಸಿದ ಸೊಳ್ಳೆಪರದೆ.

ಪ್ರಶ್ನೆ 5. ಹಳ್ಳಿಯಿಂದ ಹಿಂದೂಪುರದ ಸರ್ಕಾರಿ ಜಿಲ್ಲಾ ಆಸ್ಪತ್ರೆ 18 ಕಿ.ಮೀ., ಕರ್ನಾಟಕದ ಗೌರಿಬಿದನೂರಿನ ಸರ್ಕಾರಿ ಆಸ್ಪತ್ರೆ 9 ಕಿ.ಮೀ. ಎಂದಿಟ್ಟುಕೊಳ್ಳಿ. 108 ವಾಹನ ಬರಲು 40 ನಿಮಿಷವಾಗುತ್ತದೆ ಎಂದಿದ್ದಾರೆ. ಊರಲ್ಲಿ ಬೈಕ್ ಇದೆ. ಮನೆಯವರು "ನಮ್ಮ ಕಾರ್ಡು ಆ ರಾಜ್ಯದಲ್ಲಿ ನಡೆಯುವುದಿಲ್ಲ" ಎನ್ನುತ್ತಾರೆ. ಯಾವುದು ಸರಿ?

ಅ) ಕಾರ್ಡು ನಡೆಯುವ ಕಡೆಗೇ ಹೋಗಲು 108 ವಾಹನಕ್ಕೆ ಕಾಯಬೇಕು.
ಆ) ಚುಚ್ಚುಮದ್ದು ಇದೆಯೇ ಎಂದು ಫೋನಿನಲ್ಲಿ ಕೇಳುತ್ತಲೇ ಬೈಕಿನಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಬೇಕು.
ಇ) ನೇರವಾಗಿ ಬೆಂಗಳೂರಿಗೆ ಕಾರು ಮಾಡಿಕೊಂಡು ಹೋಗಬೇಕು.

ಸರಿಯುತ್ತರ: ಆ.

ರೆಪ್ಪೆ ಇಳಿದಿರುವ ಮಗುವಿಗೆ 40 ನಿಮಿಷ ದೊಡ್ಡ ಅವಧಿ. ತುರ್ತು ಚಿಕಿತ್ಸೆಗೆ ರಾಜ್ಯದ ಗಡಿ ಅಡ್ಡಬರುವುದಿಲ್ಲ. ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಂತೆ, ಸರ್ಕಾರಿಯಾಗಲಿ ಖಾಸಗಿಯಾಗಲಿ ಪ್ರತಿಯೊಬ್ಬ ವೈದ್ಯರೂ ಜೀವ ಉಳಿಸಲು ತುರ್ತು ಚಿಕಿತ್ಸೆ ಕೊಡಬೇಕಾದ ಹೊಣೆ ಹೊತ್ತಿದ್ದಾರೆ. ಕಾಗದಪತ್ರಗಳ ಮಾತು ಆಮೇಲೆ.

ಹತ್ತಿರದ ಆಸ್ಪತ್ರೆ ಎಂದರೆ ಚುಚ್ಚುಮದ್ದು ದಾಸ್ತಾನಿರುವ ಹತ್ತಿರದ ಆಸ್ಪತ್ರೆ ಎಂದು ಅರ್ಥ. ಅದಕ್ಕಾಗಿಯೇ ಹೊರಡುವಾಗ ಇನ್ನೊಬ್ಬರು ಫೋನ್ ಮಾಡಬೇಕು. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹಾವು ಕಡಿತ ತಡೆಯ ರಾಷ್ಟ್ರೀಯ ಕ್ರಿಯಾಯೋಜನೆಯ ಜೊತೆಗೆ 15400 ಎಂಬ ಸಹಾಯವಾಣಿಯನ್ನು ಪ್ರಾರಂಭಿಸಿತು. ಅದನ್ನು ಮೊದಲು ಪ್ರಯೋಗಕ್ಕೆ ತಂದ ರಾಜ್ಯಗಳಲ್ಲಿ ಆಂಧ್ರಪ್ರದೇಶವೂ ಒಂದು. 108 ಸಿಗದಿದ್ದರೆ ಅದನ್ನೂ ಪ್ರಯತ್ನಿಸಬಹುದು. ಗಡಿ ಹಳ್ಳಿಗಳಲ್ಲಿ ಮೊಬೈಲ್ ಕರ್ನಾಟಕದ ಗೋಪುರಕ್ಕೆ ತಗುಲಿಕೊಂಡು 108 ಕರೆ ಆ ಕಡೆಯ ಕೇಂದ್ರಕ್ಕೆ ಹೋಗಬಹುದು. ಆದ್ದರಿಂದ ಮೊದಲ ವಾಕ್ಯದಲ್ಲೇ ಹಳ್ಳಿ, ಮಂಡಲ, ಜಿಲ್ಲೆ, ರಾಜ್ಯವನ್ನು ಹೇಳಬೇಕು. 2022ರ ಏಪ್ರಿಲ್‌ನಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಹಳೆಯ ಅಭ್ಯಾಸದಿಂದ ಎರಡಕ್ಕೂ ಅನಂತಪುರ ಎಂದರೆ ಗೊಂದಲವಾಗುತ್ತದೆ.

ಬೈಕಿನಲ್ಲಿ ಮೂವರು: ಮುಂದೆ ಓಡಿಸುವವರು, ನಡುವೆ ಮಗು, ಹಿಂದೆ ಮಗುವನ್ನು ಅಪ್ಪಿ ಹಿಡಿದು ತಲೆ ಬಾಗದಂತೆ ನೋಡಿಕೊಳ್ಳುವ ಬಲವಾದ ಒಬ್ಬರು. ಕತ್ತು ಮುಂದಕ್ಕೆ ಜೋತರೆ ಶ್ವಾಸನಾಳ ಮಡಚಿಕೊಳ್ಳುತ್ತದೆ. ಮಗುವಿಗೆ ಪ್ರಜ್ಞೆ ತಪ್ಪಿದ್ದರೆ, ಇಲ್ಲವೇ ಕತ್ತು ನಿಲ್ಲದಿದ್ದರೆ ಬೈಕ್ ಬೇಡ. ಕಾರು, ಆಟೋ, ಹಾಲಿನ ಗಾಡಿ ಯಾವುದಾದರೂ ಸರಿ, ಮಗುವನ್ನು ಎಡಮಗ್ಗುಲಿಗೆ ಮಲಗಿಸಿ ಒಯ್ಯಬೇಕು. ಹಾಗೆ ಮಲಗಿಸಿದರೆ ವಾಂತಿಯೂ ಜೊಲ್ಲೂ ಬಾಯಿಂದ ಹೊರಗೆ ಹರಿದುಹೋಗುತ್ತವೆ.

ಪ್ರಶ್ನೆ 6. ಅಷ್ಟರಲ್ಲಿ ಮಗುವಿನ ಸ್ಥಿತಿ ಕೆಡುತ್ತ ಬಂದಿದ್ದರಿಂದ ಕಾರು ಸಿಕ್ಕ ಕೂಡಲೇ ಅದರಲ್ಲಿ ಹೊರಟಿದ್ದೀರಿ. ದಾರಿಯಲ್ಲಿ ಬಾಲಕ ಕರೆದರೆ ಓಗೊಡುವುದಿಲ್ಲ, ಎದೆ ಏರಿಳಿಯುತ್ತಿಲ್ಲ. ಆಸ್ಪತ್ರೆಗೆ ಇನ್ನೂ 5 ಕಿ.ಮೀ. ಇದೆ. ಜೊತೆಗಿದ್ದವರು "ಹೋಗಿಬಿಟ್ಟ" ಎಂದು ಅಳತೊಡಗಿದ್ದಾರೆ. ನೀವು ಏನು ಮಾಡುವಿರಿ?

ಅ) ಊರಿಗೆ ಹಿಂದಿರುಗಬೇಕು.
ಆ) ಮುಖಕ್ಕೆ ನೀರು ಚಿಮುಕಿಸಿ ಅಲುಗಾಡಿಸುತ್ತಿರಬೇಕು.
ಇ) ಬಾಯಿಯಿಂದ ಉಸಿರು ಕೊಡುತ್ತ, ಎದೆ ಒತ್ತುತ್ತ ಆಸ್ಪತ್ರೆಯವರೆಗೂ ನಿಲ್ಲಿಸಬಾರದು.

ಸರಿಯುತ್ತರ: ಇ.

ಕಟ್ಟುಹಾವಿನ ವಿಷ ಪೂರ್ತಿ ಏರಿದವರು ಸತ್ತವರಂತೆಯೇ ಕಾಣುತ್ತಾರೆ. ಕಣ್ಣು ಆಡುವುದಿಲ್ಲ, ಕೈಕಾಲು ಆಡುವುದಿಲ್ಲ, ಉಸಿರಿಲ್ಲ. ಆದರೂ ಒಳಗೆ ಹೃದಯ ಇನ್ನೂ ಬಡಿಯುತ್ತಿರಬಹುದು, ಅರಿವೂ ಉಳಿದಿರಬಹುದು. ಹೊರಗಿನಿಂದ ಉಸಿರು ಸಿಗುತ್ತಿದ್ದರೆ ಮೆದುಳು ಉಳಿಯುತ್ತದೆ. ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರದ ಮೇಲೆ ದಿನಗಟ್ಟಲೆ ಇದ್ದು, ಎದ್ದು ನಡೆದು ಮನೆಗೆ ಬಂದವರಿದ್ದಾರೆ. ಸತ್ತಿದ್ದಾರೆ ಎಂದು ತೀರ್ಮಾನಿಸುವ ಅಧಿಕಾರ ದಾರಿಯಲ್ಲಿ ಯಾರಿಗೂ ಇಲ್ಲ.

ಕ್ರಮ ಹೀಗಿದೆ. ಅಂಗಾತ ಮಲಗಿಸಿ, ಬಾಯಲ್ಲಿ ಕಾಣುವ ವಾಂತಿಯನ್ನು ಒರೆಸಿ, ಹಣೆಯನ್ನು ಹಿಂದಕ್ಕೆ ಬಾಗಿಸಿ ಗದ್ದವನ್ನು ಎತ್ತಬೇಕು. ಮೂಗನ್ನು ಮುಚ್ಚಿ, ಬಾಯಿಗೆ ಬಾಯಿ ಹಚ್ಚಿ, ಸುಮಾರು ಒಂದು ಸೆಕೆಂಡ್ ಊದಬೇಕು. ಎದೆ ಮೇಲೇಳುವುದು ಕಾಣಬೇಕು. ಏಳದಿದ್ದರೆ ತಲೆಯನ್ನು ಮತ್ತೊಮ್ಮೆ ಸರಿಪಡಿಸಿ ಊದಬೇಕು. ಎರಡು ಬಾರಿ ಊದಿದ ಮೇಲೂ ಮಗು ಅಲುಗದಿದ್ದರೆ ಎದೆಯ ನಡುವಿನ ಮೂಳೆಯ ಕೆಳ ಅರ್ಧದ ಮೇಲೆ ಅಂಗೈ ಬುಡವನ್ನಿಟ್ಟು 30 ಬಾರಿ ಒತ್ತಬೇಕು. ಎದೆಯ ದಪ್ಪದ ಮೂರರಲ್ಲಿ ಒಂದು ಭಾಗ, ಅಂದರೆ ಈ ವಯಸ್ಸಿನ ಮಗುವಿಗೆ ಸುಮಾರು 5 ಸೆಂ.ಮೀ. ಒಳಗಿಳಿಯಬೇಕು. ವೇಗ ನಿಮಿಷಕ್ಕೆ 100ರಿಂದ 120. ಮತ್ತೆ 2 ಉಸಿರು, ಮತ್ತೆ 30 ಒತ್ತು. ವಾಹನದ ಸೀಟು ಮೆತ್ತಗಿದ್ದರೆ ಒತ್ತಿದ್ದು ಎದೆಗೆ ತಾಗುವುದಿಲ್ಲ, ಬೆನ್ನಿನ ಕೆಳಗೆ ಹಲಗೆ ಬೇಕು ಅಥವಾ ವಾಹನದ ನೆಲದಲ್ಲಿ ಮಲಗಿಸಬೇಕು. ಓಡುವ ವಾಹನದಲ್ಲಿ ಇದು ಸಾಧ್ಯವೇ ಆಗದಿದ್ದರೆ ರಸ್ತೆ ಬದಿಗೆ ನಿಲ್ಲಿಸಿ ಪ್ರಾರಂಭಿಸಿ, 108 ವಾಹನವನ್ನು ಅಲ್ಲಿಗೇ ಕರೆಸಿಕೊಳ್ಳಬೇಕು. ಈ ಕ್ರಿಯೆಯನ್ನು ಓದಿ ಕಲಿಯಲಾಗದು. ಪ್ರತಿ ಶಾಲೆಯಿಂದ ಇಬ್ಬರಾದರೂ ಗೊಂಬೆಯ ಮೇಲೆ ಅಭ್ಯಾಸ ಮಾಡಿ ಬರಬೇಕು. ಅಭ್ಯಾಸವಿಲ್ಲದವರು 108ರವರನ್ನು ಫೋನಿನ ಸ್ಪೀಕರ್‌ನಲ್ಲಿ ಇಟ್ಟುಕೊಂಡು ಅವರು ಹೇಳಿದಂತೆ ಮಾಡಬೇಕು.

ಮತ್ತೆ ಕಲ್ಯಾಣದುರ್ಗಕ್ಕೆ: ಆಸ್ಪತ್ರೆಯೊಳಗೆ

ಪ್ರಶ್ನೆ 7. ಹೊಲದ ಮಹಿಳೆ 10 ಗಂಟೆ 35 ನಿಮಿಷಕ್ಕೆ ಸರ್ಕಾರಿ ಆಸ್ಪತ್ರೆ ತಲುಪಿದ್ದಾರೆ. ವೈದ್ಯರು ಕಟ್ಟನ್ನು ಬಿಚ್ಚಿಸಿ, ರಕ್ತ ತೆಗೆದು ಗಾಜಿನ ನಳಿಕೆಯಲ್ಲಿ ಇಟ್ಟಿದ್ದಾರೆ. ಚುಚ್ಚುಮದ್ದು ಇನ್ನೂ ಕೊಟ್ಟಿಲ್ಲ. ಕೈ ಸ್ವಲ್ಪವೇ ಊದಿದೆ. ಮನೆಯವರು ಸಿಟ್ಟಾಗಿದ್ದಾರೆ, ಒಬ್ಬರು ಮನೆಗೆ ಕರೆದುಕೊಂಡು ಹೋಗೋಣ ಎನ್ನುತ್ತಾರೆ. ನೀವು?

ಅ) ಹೇಗಾದರೂ ಈಗಲೇ ಚುಚ್ಚುಮದ್ದು ಕೊಡಿ ಎಂದು ಗಲಾಟೆ ಮಾಡಬೇಕು.
ಆ) ಊತ ಕಡಿಮೆ ಇದೆ, ಮನೆಗೆ ಹೋಗಬಹುದು.
ಇ) ನಳಿಕೆಯ ಫಲಿತಾಂಶಕ್ಕೆ ಕಾಯಬೇಕು, ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲೇ ಇರಿಸಬೇಕು.

ಸರಿಯುತ್ತರ: ಇ.

ವೈದ್ಯರು ಸುಮ್ಮನೆ ಕುಳಿತಿಲ್ಲ. ಸ್ವಚ್ಛವಾದ, ಒಣಗಿದ ಗಾಜಿನ ನಳಿಕೆಯಲ್ಲಿ ಒಂದೆರಡು ಮಿಲಿಲೀಟರ್ ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು, ನಂತರ ಓರೆಮಾಡಿ ನೋಡುತ್ತಾರೆ. ರಕ್ತ ಗಟ್ಟಿಯಾಗಿದ್ದರೆ ಆ ಹೊತ್ತಿಗೆ ರಕ್ತದ ಗುಣ ಕೆಟ್ಟಿಲ್ಲ. ನೀರಿನಂತೆ ಹರಿದರೆ ಮಂಡಲದ ವಿಷ ಒಳಗೆ ಕೆಲಸ ಮಾಡುತ್ತಿದೆ, ಚುಚ್ಚುಮದ್ದು ಬೇಕು. ಮೊದಲ ಬಾರಿ ಗಟ್ಟಿಯಾದರೂ ವಿಷ ನಿಧಾನವಾಗಿ ಏರಬಹುದಾದ್ದರಿಂದ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡುತ್ತಾರೆ. 24 ಗಂಟೆ ಇರಿಸಿಕೊಳ್ಳುವುದು ಇದಕ್ಕೇ.

ವಿಷನಿರೋಧಕವನ್ನು ಕುದುರೆಯ ರಕ್ತದಿಂದ ತಯಾರಿಸುತ್ತಾರೆ. ಕೆಲವರಿಗೆ ಅದರಿಂದಲೇ ಮೈ ತುಂಬ ದದ್ದು, ಉಬ್ಬಸ, ರಕ್ತದೊತ್ತಡ ಕುಸಿತ ಉಂಟಾಗುತ್ತದೆ. ವಿಷದ ಲಕ್ಷಣವಿಲ್ಲದವರಿಗೆ ಮುನ್ನೆಚ್ಚರಿಕೆ ಎಂದು ಅದನ್ನು ಕೊಡುವುದಿಲ್ಲ. ಲಕ್ಷಣ ಕಂಡ ಮೇಲೆ ಮೊದಲ ಕಂತಿನಲ್ಲೇ ಸಾಮಾನ್ಯವಾಗಿ 8ರಿಂದ 10 ಸೀಸೆ ಕೊಡುತ್ತಾರೆ. ಮಗುವಿಗೂ ದೊಡ್ಡವರಷ್ಟೇ ಪ್ರಮಾಣ, ಏಕೆಂದರೆ ಹಾವು ಮಗುವೆಂದು ಕಡಿಮೆ ವಿಷ ಬಿಟ್ಟಿರುವುದಿಲ್ಲ. "ಸಣ್ಣ ಮಗುವಿಗೆ ಇಷ್ಟೊಂದು ಏಕೆ" ಎಂದು ತಡೆಯುವ ಪೋಷಕರಿಗೆ ಇದನ್ನು ವಿವರಿಸುವುದೂ ಸ್ವಯಂಸೇವಕರ ಕೆಲಸ.

ಕಾಯುವ ಹೊತ್ತಿನಲ್ಲಿ ಊತದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಿರಿ. ಗೆರೆ ದಾಟಿ ಊತ ಏರಿದರೆ, ಒಸಡಿನಲ್ಲಿ ರಕ್ತ ಕಂಡರೆ, ಮೂತ್ರ ಕೆಂಪಾದರೆ ಅಥವಾ ಕಡಿಮೆಯಾದರೆ, ರೆಪ್ಪೆ ಇಳಿದರೆ ಕೂಡಲೇ ದಾದಿಯರನ್ನು ಕರೆಯಿರಿ. ಮೂತ್ರ ಕಡಿಮೆಯಾಗುವುದು ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ ಸೂಚನೆ. ಅಂಥವರನ್ನು ಸುಮಾರು 60 ಕಿ.ಮೀ. ದೂರದ ಅನಂತಪುರದ ಸರ್ಕಾರಿ ಸರ್ವಜನ ಆಸ್ಪತ್ರೆಗೆ ಕಳುಹಿಸಬೇಕಾಗಬಹುದು. ಕಳುಹಿಸುವ ಮುನ್ನ ಮೊದಲ ಕಂತಿನ ಚುಚ್ಚುಮದ್ದು ಇಲ್ಲೇ ಪ್ರಾರಂಭವಾಯಿತೇ ಎಂದು ವಿನಯದಿಂದ ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆದುಕೊಳ್ಳಿ.

ಫೋನಿನ ಪಕ್ಕ ಅಂಟಿಸಲು

108ರಲ್ಲಿ ತೆಲುಗು ಮಾತನಾಡುವವರು ಸಿಕ್ಕಾಗ ತಡವರಿಸದಿರಲು ಈ ನಾಲ್ಕು ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಮನೆಯ ಗೋಡೆಗೂ ಶಾಲೆಯ ಸೂಚನಾ ಫಲಕಕ್ಕೂ ಅಂಟಿಸಿ.

ಪಾಮು ಕರಿಚಿಂದಿ: ಹಾವು ಕಚ್ಚಿದೆ.
ಕನುರೆಪ್ಪಲು ವಾಲಿಪೋತುನ್ನಾಯಿ: ಕಣ್ಣುರೆಪ್ಪೆಗಳು ಇಳಿಯುತ್ತಿವೆ.
ಊಪಿರಿ ಆಡಟಂ ಲೇದು: ಉಸಿರಾಡುತ್ತಿಲ್ಲ.
ಪಾಮು ಕಾಟುಕು ಮಂದು ಉಂದಾ: ಹಾವು ಕಡಿತಕ್ಕೆ ಮದ್ದು ಇದೆಯೇ?

ವೈದ್ಯರಿಗೆ ಕೊಡುವ ಚೀಟಿಯಲ್ಲಿ ಐದು ಸಂಗತಿಗಳಿರಲಿ: ಕಚ್ಚಿದ ಸಮಯ, ಕಚ್ಚಿದ ಜಾಗ, ಕಟ್ಟು ಹಾಕಿದ್ದರೆ ಅದರ ಸಮಯ, ಮೊದಲು ಕಂಡ ಲಕ್ಷಣ ಮತ್ತು ಅದು ಕಂಡ ಹೊತ್ತು, ಬಾಯಿಗೆ ಏನಾದರೂ ಕೊಟ್ಟಿದ್ದರೆ ಅದರ ಹೆಸರು.

ಏಳು ಪ್ರಶ್ನೆಗಳಲ್ಲಿ 2, 4 ಮತ್ತು 6ನೆಯದಕ್ಕೆ ತಪ್ಪು ಉತ್ತರ ಬರೆದವರು ಆ ವಿವರಣೆಗಳನ್ನು ಮತ್ತೆ ಓದಿ, ಒಂದು ವಾರದ ನಂತರ ಪುನಃ ಉತ್ತರಿಸಬೇಕು. ಉಳಿದವುಗಳಲ್ಲಿ ತಪ್ಪಿದರೆ ಸಮಯ ಹಾಳಾಗುತ್ತದೆ. ಈ ಮೂರರಲ್ಲಿ ತಪ್ಪಿದರೆ ಕೈಯೋ ಪ್ರಾಣವೋ ಹೋಗಬಹುದು.